ಸಂಬಳಕ್ಕಿಂತ ಮೊದಲು ರೋಸ್ಟರ್ ಓದೋಣ

ಪ್ಲೇಸ್‌ಮೆಂಟ್‌ನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸದ ಆಫರ್ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಸಂಬಳದ ಅಂಕಿಯ ಕಡೆಗೆ. 'ರೊಟೇಷನಲ್ ಶಿಫ್ಟ್' ಅನ್ನುವ ಮಾತು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಆದರೆ ಆರೋಗ್ಯ, ಕೈಗೆ ಬರುವ ದುಡ್ಡು, ಮುಂದಿನ ಬೆಳವಣಿಗೆ, ಈ ಮೂರನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ಆ ಮಾತಿನ ಹಿಂದಿರುವ ರೋಸ್ಟರ್.

ಮೊದಲು ಕೇಳಬೇಕಾದ್ದು: ಗ್ರಾಹಕರು ಯಾವ ದೇಶದವರು? ಲಂಡನ್ನಿನ ಬೆಳಗ್ಗೆ 9 ಅಂದ್ರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1:30. ನ್ಯೂಯಾರ್ಕಿನ 9 ನಮಗೆ ಸಂಜೆ 6:30. ಚಳಿಗಾಲದಲ್ಲಿ ಎರಡೂ ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಬ್ರಿಟನ್ ಗ್ರಾಹಕರಾದರೆ ರಾತ್ರಿ ಮನೆಗೆ ಬಂದು ಮಲಗಬಹುದು. ಅಮೆರಿಕದವರಾದರೆ ಕೆಲಸ ಮುಗಿಯುವುದೇ ಬೆಳಗಿನ ಜಾವ.

ಈಗ ಎರಡು ಆಫರ್ ಇಟ್ಟುಕೊಂಡು ಲೆಕ್ಕ ಹಾಕೋಣ. ಮೊದಲನೆಯದರಲ್ಲಿ ದಿನಾ ಸಂಜೆ 6:30ರಿಂದ 3:30ರವರೆಗೆ ಕೆಲಸ. ಎರಡನೆಯದರಲ್ಲಿ ಒಂದು ವಾರ ಬೆಳಗ್ಗೆ 6ರಿಂದ 2, ಮುಂದಿನ ವಾರ 2ರಿಂದ ರಾತ್ರಿ 10, ಆಮೇಲಿನ ವಾರ ರಾತ್ರಿ 10ರಿಂದ 6. ಎರಡನೆಯದರಲ್ಲಿ ರಾತ್ರಿ ಕೆಲಸ ಕಡಿಮೆ, ಹಾಗಾಗಿ ಅದೇ ವಾಸಿ ಅನ್ನಿಸಬಹುದು. ಆದರೆ ದೇಹದ ಗಡಿಯಾರ ಹೊಸ ವೇಳೆಗೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ. ಶಿಫ್ಟ್ ಎಂಟು ಗಂಟೆ ಸರಿದರೆ ಹೊಂದಿಕೊಳ್ಳಲು ಒಂದು ವಾರವೇ ಬೇಕು. ಅಷ್ಟರಲ್ಲಿ ರೋಸ್ಟರ್ ಮತ್ತೆ ಬದಲಾಗಿರುತ್ತದೆ.

ಮೊದಲ ಆಫರ್‌ನಲ್ಲಿ ಬೆಳಗ್ಗೆ 5ರಿಂದ 12ರವರೆಗೆ ಮಲಗಬಹುದು. ರಜೆಯ ದಿನವೂ ರಾತ್ರಿ 3ರ ಹೊತ್ತಿಗೆ ಮಲಗಿದರೆ ಗಡಿಯಾರ ಹೆಚ್ಚು ಅಲುಗಾಡುವುದಿಲ್ಲ. ರಜೆಯಲ್ಲಿ ಊರಿಗೆ ಹೋಗಿ 10ಕ್ಕೇ ಮಲಗಿದರೆ ಮಾತ್ರ ಸೋಮವಾರ ಮತ್ತೆ ಮೊದಲಿನಿಂದ ಶುರು.

ಹಾಗಂತ ಕಾಯಂ ರಾತ್ರಿ ಕೆಲಸ ನಿರಪಾಯವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2019ರಲ್ಲಿ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿನಲ್ಲೇ ಉಳಿಸಿತು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು, ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ಹತ್ತಿರದ ಅಪಾಯ ಇನ್ನೊಂದಿದೆ. ಬೆಳಗಿನ ಜಾವ 3ರಿಂದ 5ರ ನಡುವೆ ನಮ್ಮ ಎಚ್ಚರ ತೀರಾ ಕೆಳಗಿಳಿದಿರುತ್ತದೆ. ಆ ಹೊತ್ತಿನಲ್ಲಿ ಬೈಕ್ ಓಡಿಸಿಕೊಂಡು ಬರಬೇಕಾ, ಕ್ಯಾಬ್ ಇದೆಯಾ ಅಂತ ಕೇಳಲೇಬೇಕು. ಮೂರ್ಛೆರೋಗ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಸಹಿ ಮಾಡುವ ಮೊದಲು ವೈದ್ಯರನ್ನು ಕೇಳಬೇಕು. ನಿದ್ದೆಗೆಡುವುದು ಮೂರ್ಛೆಯನ್ನು ಕೆರಳಿಸಬಲ್ಲದು.

ಶಿಫ್ಟ್ ಯಾವ ದಿಕ್ಕಿಗೆ ತಿರುಗುತ್ತದೆ ಅನ್ನುವುದೂ ಮುಖ್ಯ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮುಂದಕ್ಕೆ ಹೋದರೆ ದೇಹಕ್ಕೆ ಸ್ವಲ್ಪ ಸುಲಭ, ಯಾಕಂದ್ರೆ ಹೆಚ್ಚಿನವರಿಗೆ ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸಲೀಸು. ಹಿಂದಕ್ಕೆ ತಿರುಗಿದರೆ ರಾತ್ರಿ 10ಕ್ಕೆ ಬಿಟ್ಟವರು ನಡುವೆ ರಜೆ ಇಲ್ಲದೆ ಬೆಳಗ್ಗೆ 6ಕ್ಕೆ ಹಾಜರಾಗಬೇಕಾಗಬಹುದು. ನಡುವೆ ಇರುವುದು ಎಂಟೇ ಗಂಟೆ. ಕ್ಯಾಬ್‌ನಲ್ಲಿ ಹೋಗಿ ಬರಲು ಮೂರು ಗಂಟೆ ಕಳೆದರೆ ಊಟ, ಸ್ನಾನ, ನಿದ್ದೆ ಎಲ್ಲಕ್ಕೂ ಸೇರಿ ಐದು.

ಇನ್ನು ದುಡ್ಡು. ಎರಡರಲ್ಲೂ ಕಾಯಂ ಸಂಬಳ 24,000, ಕೆಲಸ ಮಾಡಿದ ಪ್ರತಿ ರಾತ್ರಿಗೆ 300 ರೂಪಾಯಿ ಭತ್ಯೆ ಅಂದುಕೊಳ್ಳೋಣ. ಮೊದಲ ಆಫರ್‌ನಲ್ಲಿ 22 ರಾತ್ರಿಗೆ 6,600 ಸೇರಿ 30,600 ಆಗುತ್ತದೆ. ಎರಡನೆಯದರಲ್ಲಿ ತಿಂಗಳಿಗೆ ಏಳು ರಾತ್ರಿ ಸಿಕ್ಕರೆ 2,100 ಸೇರಿ 26,100. ಆಫರ್ ಹೇಳುವಾಗ ಮಾತ್ರ ಎರಡೂ ಕಡೆ '30,600ವರೆಗೆ' ಅನ್ನಬಹುದು. ಭತ್ಯೆ ರಜೆ ಹಾಕಿದ ದಿನಕ್ಕೆ ಬರುತ್ತದಾ, ಇನ್‌ಕ್ರಿಮೆಂಟ್ ಲೆಕ್ಕಕ್ಕೆ ಸೇರುತ್ತದಾ ಅಂತ ಕೇಳಿ. ಸೇರದಿದ್ದರೆ ಶೇಕಡಾ 10ರ ಏರಿಕೆ 3,060 ಅಲ್ಲ, 2,400. ಬೈಕಿನ ಇಎಂಐಯನ್ನು 30,600 ನಂಬಿ ಹಾಕಿಕೊಂಡವರಿಗೆ ಮುಂದೆ ಡೇ ಶಿಫ್ಟ್ ಸಿಕ್ಕರೂ ಒಪ್ಪಿಕೊಳ್ಳುವುದು ಕಷ್ಟ. ರಾತ್ರಿ ಕೆಲಸಕ್ಕೆ ಕಟ್ಟಿಹಾಕುವುದು ಎಷ್ಟೋ ಸಲ ಈ ಭತ್ಯೆಯೇ.

ಬೆಳವಣಿಗೆಯ ವಿಷಯದಲ್ಲಿ ಕೇಳಬೇಕಾದ್ದು, ನಮ್ಮ ಕೈಗೆ ಎಂಥ ಟಿಕೆಟ್ ಬರುತ್ತದೆ? ಪಾಸ್‌ವರ್ಡ್ ರೀಸೆಟ್ ಮಾಡಿ, ಉಳಿದದ್ದನ್ನು ಎಲ್2ಗೆ ದಾಟಿಸುವುದಷ್ಟೇ ಆದರೆ ಎರಡು ವರ್ಷದ ನಂತರವೂ ಹೇಳಿಕೊಳ್ಳಲು ಹೆಚ್ಚೇನಿರುವುದಿಲ್ಲ. ಲಾಗ್ ಓದಿ, ದೋಷವನ್ನು ನಾವೇ ಮತ್ತೆ ಬರಿಸಿ ನೋಡಿ, ಕಾರಣ ಬರೆದು ಕಳಿಸುವ ಕೆಲಸವಾದರೆ ಅದು ಟೆಸ್ಟಿಂಗ್, ಡೆವ್‌ಆಪ್ಸ್ ಕಡೆಗೆ ದಾರಿ. ಇಲ್ಲಿ ರಾತ್ರಿಗೆ ಒಂದು ಅನುಕೂಲವೂ ಇದೆ. ಪ್ರಾಡಕ್ಟ್ ಎಂಜಿನಿಯರ್‌ಗಳು ಅಮೆರಿಕದಲ್ಲಿದ್ದರೆ ನಮ್ಮ ರಾತ್ರಿಯಲ್ಲೇ ಅವರು ಮಾತಿಗೆ ಸಿಗುವುದು. ಹಗಲಿನವರಿಗೆ ಸಿಗುವುದು ಹ್ಯಾಂಡ್‌ಓವರ್ ನೋಟ್ ಅಷ್ಟೇ.

ಇಂಟರ್‌ವ್ಯೂ ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ ಇದೆಯಾ' ಅಂತ ಕೇಳುತ್ತಾರಲ್ಲ, ಆಗ ಎರಡು ಕೇಳೋಣ: ಕಳೆದ ತಿಂಗಳ ರೋಸ್ಟರ್ ತೋರಿಸಬಹುದಾ? ಈ ತಂಡದಿಂದ ಕಳೆದ ವರ್ಷ ಎಷ್ಟು ಜನ ಎಲ್2ಗೆ ಅಥವಾ ಬೇರೆ ವಿಭಾಗಕ್ಕೆ ಹೋದರು? ಈ ಎರಡಕ್ಕೂ ಅಂಕಿಯಲ್ಲಿ ಉತ್ತರ ಸಿಗದಿದ್ದರೆ, ಆಫರ್ ಅನ್ನು 24,000 ಅಂತಲೇ ಹಿಡಿದು ತೂಗೋಣ.