ಮಹಾಸಭೆಯ ನಡಾವಳಿಯಿಂದ ಠರಾವುಗಳ ಸಾರ ತೆಗೆಯುವ ಕ್ರಮ

ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಮಹಾಸಭೆಯ ನಡಾವಳಿ, ಅಂದರೆ ಸಭೆಯಲ್ಲಿ ನಡೆದುದರ ಅಧಿಕೃತ ದಾಖಲೆ, ಕಾರ್ಯಸೂಚಿಯ ಕ್ರಮದಲ್ಲಿ ಸಾಗುವುದರಿಂದ ಚರ್ಚೆ, ಆಕ್ಷೇಪ, ಭರವಸೆ ಮತ್ತು ತೀರ್ಮಾನಗಳು ಒಂದೇ ಕಂಡಿಕೆಯಲ್ಲಿ ಬೆರೆತಿರುತ್ತವೆ. ಸಾರ ಸಿದ್ಧಪಡಿಸುವವರು ಮೊದಲು ಅದನ್ನು ಪೂರ್ತಿ ಓದಿ, ‘ತೀರ್ಮಾನಿಸಲಾಯಿತು’, ‘ಅಂಗೀಕರಿಸಲಾಯಿತು’, ‘ತಿರಸ್ಕರಿಸಲಾಯಿತು’ ಎಂಬಂಥ ಮಾತುಗಳಿರುವ ಕಡೆ ಗುರುತು ಹಾಕಬೇಕು. ‘ಪರಿಶೀಲಿಸುವುದಾಗಿ ಅಧ್ಯಕ್ಷರು ತಿಳಿಸಿದರು’ ಎಂಬುದು ಭರವಸೆಯೇ ಹೊರತು ಠರಾವಲ್ಲ. ಅದನ್ನು ಠರಾವುಗಳ ಸಾಲಿಗೆ ಸೇರಿಸಿದರೆ ಸಭೆ ಕೊಡದ ಅಧಿಕಾರವನ್ನು ಕೊಟ್ಟಂತಾಗುವುದರಿಂದ, ಅಂಥವುಗಳಿಗೆ ‘ಭರವಸೆಗಳು’ ಎಂಬ ಬೇರೆ ಶೀರ್ಷಿಕೆ ಇರಬೇಕು.

ಒಂದು ಕಾಲ್ಪನಿಕ ನಡಾವಳಿಯನ್ನು ನೋಡಬಹುದು. ಹಾಲಿನ ಗುಣಮಟ್ಟ ಪರೀಕ್ಷಿಸುವ ಹೊಸ ಯಂತ್ರದ ಖರೀದಿ 5ನೇ ವಿಷಯವಾಗಿದ್ದು, ಹಳೆಯದನ್ನೇ ದುರಸ್ತಿ ಮಾಡಿಸಬೇಕೆಂದು ಕೆಲವು ಸದಸ್ಯರು ವಾದಿಸಿದರೆಂದೂ, ವೆಚ್ಚ 1,20,000 ರೂಪಾಯಿ ಮೀರಬಾರದೆಂಬ ತಿದ್ದುಪಡಿಯೊಡನೆ ಖರೀದಿಗೆ ಕೈ ಎತ್ತುವ ಮೂಲಕ 61 ಮತಗಳು ಪರವಾಗಿ, 38 ವಿರುದ್ಧವಾಗಿ ಬಂದು ಠರಾವು ಅಂಗೀಕಾರವಾಯಿತೆಂದೂ, ದರಪಟ್ಟಿ ತರಿಸಿ ಮುಂದಿನ ಕ್ರಮ ಕೈಗೊಳ್ಳುವುದೆಂದೂ ಅದರಲ್ಲಿ ಬರೆದಿದೆ. ಹಾಜರಿ ಪುಸ್ತಕದಲ್ಲಿ 112 ಸಹಿಗಳಿವೆ.

ಸಾರದಲ್ಲಿ ದುರಸ್ತಿಯ ವಾದಕ್ಕೆ ಸ್ಥಳವಿಲ್ಲ, ಆದರೆ ವೆಚ್ಚದ ಮಿತಿ ಠರಾವಿನ ಭಾಗವಾದುದರಿಂದ ಅದನ್ನು ಬಿಡುವಂತಿಲ್ಲ: ‘ಠರಾವು 5: ಪರೀಕ್ಷಾ ಯಂತ್ರವನ್ನು 1,20,000 ರೂಪಾಯಿ ಮೀರದಂತೆ ಖರೀದಿಸುವುದು, ಪರ 61, ವಿರುದ್ಧ 38, ಅಂಗೀಕೃತ.’ ಸೂಚಕರು, ಅಂದರೆ ಠರಾವು ಮಂಡಿಸಿದವರು, ಮತ್ತು ಅದನ್ನು ಬೆಂಬಲಿಸಿದ ಅನುಮೋದಕರ ಹೆಸರುಗಳು ಇದರ ಕೆಳಗೆ ಬರಬೇಕು. ಉಳಿದ 13 ಮಂದಿಯನ್ನು ‘ತಟಸ್ಥರು’ ಎಂದು ಬರೆಯುವ ಅಭ್ಯಾಸ ತಪ್ಪು, ಏಕೆಂದರೆ ಅವರಲ್ಲಿ ಕೆಲವರು ಸಹಿ ಹಾಕಿ ಮತದಾನಕ್ಕೆ ಮೊದಲೇ ಹೊರಟಿರಬಹುದು. ಹಾಗೆಯೇ ಮತ ಎಣಿಸದ ಠರಾವಿಗೆ ‘ಸರ್ವಾನುಮತ’ ಎಂಬ ಮಾತನ್ನು ನಡಾವಳಿ ಬಳಸಿದ್ದರೆ ಮಾತ್ರ ಬಳಸಬೇಕು. ಇಲ್ಲದಿದ್ದರೆ ‘ಮತ ಎಣಿಕೆ ದಾಖಲಾಗಿಲ್ಲ’ ಎಂದರೆ ಸಾಕು.

ಹೆಚ್ಚು ಎಚ್ಚರ ಬೇಕಾಗುವುದು ಹೊಣೆಗಾರರನ್ನು ಗುರುತಿಸುವಾಗ. ‘ಕ್ರಮ ಕೈಗೊಳ್ಳುವುದು’ ಎಂಬ ವಾಕ್ಯದಲ್ಲಿ ಮಾಡುವವರು ಯಾರೆಂಬುದೇ ಇಲ್ಲ. ದರಪಟ್ಟಿ ತರಿಸುವುದು ಕಾರ್ಯದರ್ಶಿಯ ಕೆಲಸವೆಂದು ಊಹಿಸಿ ಅವರ ಹೆಸರು ಬರೆಯುವ ಬದಲು, ‘ಹೊಣೆ: ನಿಗದಿಯಾಗಿಲ್ಲ; ಗಡುವು: ಇಲ್ಲ’ ಎಂದು ನಮೂದಿಸಿ, ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ತೀರ್ಮಾನವಾಗಬೇಕಾದ ವಿಷಯವೆಂದು ಗುರುತಿಸುವುದೇ ಪ್ರಾಮಾಣಿಕ ಕ್ರಮ.

ಅಂಗೀಕಾರವಾದರೂ ಕೂಡಲೇ ಜಾರಿಗೆ ಬಾರದ ಠರಾವುಗಳೂ ಇವೆ. ಸಂಘದ ಆಂತರಿಕ ನಿಯಮಾವಳಿಯಾದ ಉಪವಿಧಿಗೆ ಮಾಡಿದ ತಿದ್ದುಪಡಿ, ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಪ್ರಕಾರ, ನೋಂದಣಿಯಾಗುವವರೆಗೆ ಸಿಂಧುವಾಗುವುದಿಲ್ಲ. ಆದ್ದರಿಂದ ಅಂಥ ಠರಾವಿನ ಮುಂದೆ ‘ಅಂಗೀಕೃತ, ನೋಂದಣಿ ಬಾಕಿ’ ಎಂದು ಬರೆದು, ಪ್ರಸ್ತಾವವನ್ನು ನಿಬಂಧಕರಿಗೆ ಯಾರು ಸಲ್ಲಿಸಬೇಕೆಂಬುದು ನಡಾವಳಿಯಲ್ಲಿದ್ದರೆ ಅದನ್ನೂ ಸೇರಿಸಬೇಕು.