ಸಭಾಭವನದಲ್ಲಿ ಬ್ಯಾಡ್ಮಿಂಟನ್ ಅಂಕಣ: ಗೋಡೆಯನ್ನು ಎಷ್ಟು ನಂಬಬಹುದು?

1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಆಟವನ್ನು ಕಲಿತದ್ದು ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆಯ ಭವನದಲ್ಲಿ. ಅಲ್ಲಿ ಮದುವೆಯಿದ್ದ ದಿನ ಆಟವಿಲ್ಲ. ನಮ್ಮ ನಾಡಿನಲ್ಲಿ ಒಳಾಂಗಣದ ಆಟವು ಬಹುಮಟ್ಟಿಗೆ ಇಂತಹ ಭವನಗಳನ್ನೇ ಆಶ್ರಯಿಸಿ ಬೆಳೆದಿದೆ. ಮದುವೆಗೆಂದೋ ಸಭೆಗೆಂದೋ ಕಟ್ಟಿದ ಕಟ್ಟಡದಲ್ಲಿ ಅಂಕಣವನ್ನು ಸರಿಯಾಗಿ ಬರೆಯುವುದು ಹೇಗೆ? ನೋಡುವುದಕ್ಕೆ ಸುಲಭವಾದ ಈ ಕೆಲಸದಲ್ಲಿ ರೇಖಾಗಣಿತದ ಒಂದು ಒಳ್ಳೆಯ ಪಾಠವಿದೆ.

ಭೀಮಾ ತೀರದ ಅಗರಖೇಡದಂತಹ ಊರಿನಲ್ಲಿ ಒಂದು ಸಭಾಭವನವಿದೆಯೆಂದು ಇಟ್ಟುಕೊಳ್ಳೋಣ. ನೆಲಕ್ಕೆ ಶಹಾಬಾದ ಕಲ್ಲು ಹಾಸಿದೆ. ಗೋಡೆಯಿಂದ ಗೋಡೆಗೆ ಅಗಲ 10.60 ಮೀಟರು. ಉದ್ದವನ್ನು ಉತ್ತರದ ಗೋಡೆಯ ಗುಂಟ ಅಳೆದರೆ 17.90 ಮೀಟರು, ದಕ್ಷಿಣದ ಗೋಡೆಯ ಗುಂಟ ಅಳೆದರೆ 17.60 ಮೀಟರು. ಅಂದರೆ ಉದ್ದನೆಯ ಗೋಡೆಗಳೆರಡೂ ಸಮಾಂತರವಾಗಿವೆ, ಪಶ್ಚಿಮದ ಗೋಡೆ ಅವಕ್ಕೆ ಲಂಬವಾಗಿದೆ, ಪೂರ್ವದ ಗೋಡೆ ಮಾತ್ರ ಓರೆಯಾಗಿದೆ. ಹಳೆಯ ಕಟ್ಟಡಗಳಲ್ಲಿ ಇದೇನೂ ಅಪರೂಪವಲ್ಲ.

ವಾಲಿಬಾಲ್ ಅಂಕಣಕ್ಕೆ ಈ ಭವನ ಸಾಲದು. ಅದರ ಅಳತೆ 18 ಮೀಟರು ಉದ್ದ, 9 ಮೀಟರು ಅಗಲ. ಸುತ್ತಲೂ ಕನಿಷ್ಠ 3 ಮೀಟರು ತೆರವು ಬೇಕಾಗುವುದರಿಂದ 24ಕ್ಕೆ 15 ಮೀಟರಿನ ನೆಲವೂ, ಮೇಲೆ 7 ಮೀಟರು ಎತ್ತರವೂ ಬೇಕು. ಬ್ಯಾಡ್ಮಿಂಟನ್ ಅಂಕಣ 13.40 ಮೀಟರು ಉದ್ದ, 6.10 ಮೀಟರು ಅಗಲ. ದೊಡ್ಡ ಸ್ಪರ್ಧೆಗಳಿಗೆ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟವು ಅಪೇಕ್ಷಿಸುವ 2 ಮೀಟರಿನ ತೆರವನ್ನೇ ಇಟ್ಟುಕೊಂಡರೂ 17.40ಕ್ಕೆ 10.10 ಮೀಟರು ಸಾಕಾಗುತ್ತದೆ.

ತೆರವನ್ನು ಸುಮ್ಮನೆ ಬಿಡುವುದಲ್ಲ. ಓಡುತ್ತಿರುವ ಆಟಗಾರನು ಅಂಕಣವನ್ನು ದಾಟಿದ ಮೇಲೆ ನಿಲ್ಲುವುದಕ್ಕೆ ಬೇಕಾದ ದೂರವದು. ವೇಗದ ವರ್ಗವನ್ನು ಘರ್ಷಣೆಯ ಗುಣಾಂಕ ಮತ್ತು ಗುರುತ್ವದ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಈ ದೂರವು ಸಿಕ್ಕುತ್ತದೆ. ವೇಗ ಸೆಕೆಂಡಿಗೆ 4 ಮೀಟರು, ಗುಣಾಂಕ 0.6 ಎಂದು ಹಿಡಿದರೆ ದೂರ ಸುಮಾರು 1.36 ಮೀಟರು. ಅದೇ ನೆಲದ ಮೇಲೆ ಧೂಳು ಕುಳಿತು ಗುಣಾಂಕ 0.3ಕ್ಕೆ ಇಳಿದರೆ ದೂರ ಇಮ್ಮಡಿಯಾಗಿ 2.72 ಮೀಟರಾಗುತ್ತದೆ, ಆಗ 2 ಮೀಟರಿನ ತೆರವೂ ಸಾಲದು. ಆಟಕ್ಕೆ ಮುಂಚೆ ನೆಲವನ್ನು ಒರೆಸುವುದೆಂದರೆ ತೆರವನ್ನು ಹೆಚ್ಚಿಸಿಕೊಂಡಂತೆಯೇ ಸರಿ.

ಈಗ ಅಳತೆಗೆ ಬರೋಣ. ಅಗಲ 10.60 ಮೀಟರಿದೆ, ಬೇಕಾದದ್ದು 10.10, ಅರ್ಧ ಮೀಟರು ಉಳಿಯಿತೆಂದು ಸಮಾಧಾನಪಡುವಂತಿಲ್ಲ. ತೊಲೆಗಳ ಭಾರವನ್ನು ಹೊರಲು ಉದ್ದನೆಯ ಗೋಡೆಗಳಲ್ಲಿ ಅಲ್ಲಲ್ಲಿ ಗೋಡೆಗಂಬಗಳಿವೆ. ಒಂದೊಂದೂ 23 ಸೆಂಟಿಮೀಟರು ಒಳಕ್ಕೆ ಚಾಚಿದೆ. ಓಡಿ ಬಂದವನು ಮೊದಲು ತಾಗುವುದು ಕಂಬಕ್ಕೆ, ಗೋಡೆಗಲ್ಲ. ಆದುದರಿಂದ ಕಂಬದಿಂದ ಕಂಬಕ್ಕೆ ಅಳೆಯಬೇಕು, ಅದು 10.14 ಮೀಟರು. ಉಳಿದದ್ದು ಬರೇ 4 ಸೆಂಟಿಮೀಟರು, ಒಂದೊಂದು ಪಕ್ಕಕ್ಕೆ 2 ಸೆಂಟಿಮೀಟರು.

ಇಷ್ಟು ಬಿಗಿಯಾದ ಭವನದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೇನು? ಬಾಗಿಲ ಬಳಿ ಸಿಕ್ಕಿದ ಗೋಡೆಯನ್ನು ಆಧಾರವಾಗಿ ಹಿಡಿದು, ಅದಕ್ಕೆ ಸಮಾಂತರವಾಗಿ ಹಿಂಗೆರೆಯನ್ನು ಎಳೆದು, ಅಲ್ಲಿಂದ ಲಂಬವಾಗಿ ಪಕ್ಕಗೆರೆಗಳನ್ನು ಹೊರಡಿಸುವುದು. ನಮ್ಮ ಭವನದಲ್ಲಿ ಆ ಗೋಡೆಯು ಪೂರ್ವದ್ದಾಗಿದ್ದರೆ ಏನಾಗುವುದೆಂದು ಲೆಕ್ಕಹಾಕಿ. ಅದರ ಓರೆ 10.60 ಮೀಟರಿಗೆ 30 ಸೆಂಟಿಮೀಟರು. ಅದೇ ಓರೆಯು 13.40 ಮೀಟರು ಉದ್ದದ ಪಕ್ಕಗೆರೆಗೂ ಬರುತ್ತದೆ; ಇನ್ನೊಂದು ತುದಿಯಲ್ಲಿ ಅಂಕಣವು 38 ಸೆಂಟಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ಪೂರ್ವದಲ್ಲಿ ಎರಡೂ ಕಡೆ 2.02 ಮೀಟರಿದ್ದ ತೆರವು ಪಶ್ಚಿಮದಲ್ಲಿ ಒಂದು ಕಡೆ 2.40, ಇನ್ನೊಂದು ಕಡೆ 1.64 ಆಗುತ್ತದೆ. ಅಂಕಣದ ಆಕಾರದಲ್ಲಿ ಯಾವ ದೋಷವೂ ಇರುವುದಿಲ್ಲ. ಕರ್ಣಗಳು ಸಮವಾಗಿಯೇ ಇರುತ್ತವೆ. ಆದರೆ ಕಂಬದ ಬಳಿ ಅಪಾಯವು ಕಾದಿರುತ್ತದೆ. ಆಕಾರದ ಪರೀಕ್ಷೆ ಬೇರೆ, ಸ್ಥಾನದ ಪರೀಕ್ಷೆ ಬೇರೆ. ಕಲ್ಲುಹಾಸಿನ ಸಂದುಗಳನ್ನು ಅನುಸರಿಸುವವರೂ ಇದೇ ಬಲೆಗೆ ಬೀಳುತ್ತಾರೆ, ಏಕೆಂದರೆ ಗೌಂಡಿಯು ಹಾಸನ್ನು ಯಾವುದೋ ಒಂದು ಗೋಡೆಯಿಂದಲೇ ಆರಂಭಿಸಿರುತ್ತಾನೆ.

ಸರಿಯಾದ ದಾರಿ ಕಂಬಗಳ ನಡುವಿನಿಂದ ಹೊರಡುತ್ತದೆ. ಭವನದ ಎರಡು ತುದಿಗಳಲ್ಲಿ ಎದುರುಬದುರಾದ ಕಂಬಗಳ ಮಧ್ಯಬಿಂದುಗಳನ್ನು ಗುರುತಿಸಿ, ಅವುಗಳ ನಡುವೆ ದಾರವನ್ನು ಬಿಗಿದು, ಸುಣ್ಣ ಬಳಿದು ಮೀಟಿದರೆ ನಡುಗೆರೆ ಮೂಡುತ್ತದೆ. ಪಶ್ಚಿಮದ ಗೋಡೆಯಿಂದ 2.10 ಮೀಟರು ಬಿಟ್ಟು ಅದರ ಮೇಲೆ ಒಂದು ಬಿಂದು, ಅಲ್ಲಿಂದ 13.40 ಮೀಟರು ದೂರದಲ್ಲಿ ಇನ್ನೊಂದು. ಪೂರ್ವದಲ್ಲಿ ಅತ್ಯಂತ ಕಡಿಮೆ ತೆರವು ಆಗ 2.10 ಮೀಟರು, ಅಲ್ಲಿಯ ಗೋಡೆಯ ಓರೆಯೆಲ್ಲ ಹೆಚ್ಚುವರಿ ಜಾಗದಲ್ಲೇ ಕಳೆಯುತ್ತದೆ.

ಇನ್ನು ಮೂಲೆಗಳು. ಗೌಂಡಿಗಳು ಬಳಸುವ 3-4-5ರ ತ್ರಿಭುಜದಿಂದ ಲಂಬಕೋನ ಬರುತ್ತದೆ, ಆದರೆ ಆ ಪುಟ್ಟ ತ್ರಿಭುಜದ ಕರ್ಣದಲ್ಲಿ 5 ಮಿಲಿಮೀಟರು ತಪ್ಪಿದರೆ ಪಕ್ಕಗೆರೆಯ ತುದಿಯಲ್ಲಿ ಅದು 28 ಮಿಲಿಮೀಟರಾಗುತ್ತದೆ. ನಮ್ಮಲ್ಲಿರುವ 2 ಸೆಂಟಿಮೀಟರು ಅಲ್ಲಿಗೇ ಮುಗಿಯಿತು. ತ್ರಿಭುಜವು ದೊಡ್ಡದಾದಷ್ಟೂ ತಪ್ಪು ಚಿಕ್ಕದು. ಆದುದರಿಂದ ಅಂಕಣವನ್ನೇ ತ್ರಿಭುಜವಾಗಿ ಬಳಸುವುದು ಮೇಲು. ನಡುಗೆರೆಯ ಒಂದು ತುದಿಯಿಂದ 3.05 ಮೀಟರಿನ ಕಂಸವನ್ನೂ ಎದುರು ತುದಿಯಿಂದ 13.743 ಮೀಟರಿನ ಕಂಸವನ್ನೂ ಎಳೆದರೆ ಅವು ಕೂಡುವ ಸ್ಥಳವೇ ಮೂಲೆ. ನಾಲ್ಕು ಮೂಲೆಗಳೂ ಸಿಕ್ಕಿದ ಮೇಲೆ ಬದಿಗಳನ್ನೂ ಎರಡು ಕರ್ಣಗಳನ್ನೂ ಅಳೆಯಬೇಕು. ಕರ್ಣವೊಂದೊಂದೂ 14.723 ಮೀಟರಿರಬೇಕು. ಅವುಗಳಲ್ಲಿ 1 ಸೆಂಟಿಮೀಟರು ವ್ಯತ್ಯಾಸ ಕಂಡರೆ, ಒಂದು ತುದಿಯ ಮೂಲೆಗಳೆರಡೂ ಪಕ್ಕಕ್ಕೆ ಸುಮಾರು 12 ಮಿಲಿಮೀಟರು ಜಾರಿವೆಯೆಂದು ತಿಳಿಯಬಹುದು. ಬದಿಗಳನ್ನು ಅಳೆಯದೆ ಕರ್ಣಗಳು ಸಮವೆಂದಷ್ಟೇ ನೋಡಿದರೆ ಸಾಲದು. ಒಂದು ಹಿಂಗೆರೆ ಇನ್ನೊಂದಕ್ಕಿಂತ ಉದ್ದವಾದ ಚತುರ್ಭುಜದಲ್ಲಿಯೂ ಕರ್ಣಗಳು ಸಮವಾಗಿರಬಹುದು.

ಇಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಒಂದು ಸ್ವಾರಸ್ಯವಿದೆ. ಉಕ್ಕಿನ ಅಳತೆಪಟ್ಟಿಯ ಗುರುತುಗಳು ಸಾಮಾನ್ಯವಾಗಿ 20 ಡಿಗ್ರಿ ಉಷ್ಣತೆಗೆ ಸರಿಯಾಗಿರುತ್ತವೆ. ಬೇಸಗೆಯ 40 ಡಿಗ್ರಿಯಲ್ಲಿ ಪಟ್ಟಿಯು ಹಿಗ್ಗಿ ಕರ್ಣದ ಅಳತೆಯಲ್ಲಿ ಸುಮಾರು 3 ಮಿಲಿಮೀಟರು ತಪ್ಪು ತೋರಬಹುದು. ಆದರೆ ಅದು ಎರಡು ಕರ್ಣಗಳಲ್ಲಿಯೂ ಒಂದೇ ತೆರನಾಗಿರುವುದರಿಂದ ಅವು ಸಮವೋ ಅಲ್ಲವೋ ಎಂಬ ತೀರ್ಪು ಕೆಡುವುದಿಲ್ಲ. ಬಟ್ಟೆಯ ಪಟ್ಟಿಗೆ ಈ ಮಾತು ಸಲ್ಲದು. ಒಮ್ಮೆ ನಾನು ಅಂತಹ ಪಟ್ಟಿಯಿಂದ ಅಳೆಸಿದಾಗ ಕರ್ಣಗಳು 3 ಸೆಂಟಿಮೀಟರು ಬೇರೆಯಾದವು. ಪಟ್ಟಿ ಹಿಡಿದ ಹುಡುಗರು ಜಾಗ ಬದಲಿಸಿದಾಗ ವ್ಯತ್ಯಾಸವೂ ಇನ್ನೊಂದು ಕರ್ಣಕ್ಕೆ ಹೋಯಿತು! ತಪ್ಪು ಇದ್ದದ್ದು ಅಂಕಣದಲ್ಲಲ್ಲ, ಎಳೆಯುವ ಬಲದಲ್ಲಿ.

ಕೊನೆಗೆ ಗೆರೆಯ ದಪ್ಪ. ಬ್ಯಾಡ್ಮಿಂಟನ್ನಿನ ಗೆರೆಯ ಅಗಲ 40 ಮಿಲಿಮೀಟರು. ಗೆರೆಯು ತಾನು ಸುತ್ತುವರಿದ ಅಂಕಣಕ್ಕೆ ಸೇರಿದ್ದು. ನಾವು ಬಿಗಿದ ದಾರವು ಹೊರ ಅಂಚು. ಬಣ್ಣವನ್ನಾಗಲಿ ಅಂಟುಪಟ್ಟಿಯನ್ನಾಗಲಿ ದಾರದ ಒಳಗಡೆಗೇ ಹಾಕಬೇಕು. ದಾರದ ಹೊರಗೆ ಹಾಕಿದರೆ ಅಂಕಣವು ಅಗಲದಲ್ಲಿ 8 ಸೆಂಟಿಮೀಟರು ಬೆಳೆದು, ನಮ್ಮ ಪಕ್ಕದ ತೆರವು 1.98 ಮೀಟರಿಗೆ ಇಳಿಯುತ್ತದೆ. ಬಣ್ಣ ಒಣಗುವ ಮೊದಲೇ ನಾಲ್ಕು ಮೂಲೆಗಳಿಂದ ಗೋಡೆಗೂ, ಪಕ್ಕಗೆರೆಯಿಂದ ಪ್ರತಿಯೊಂದು ಕಂಬಕ್ಕೂ ಇರುವ ದೂರವನ್ನು ಮತ್ತೊಮ್ಮೆ ಅಳೆದು ಬರೆದಿಟ್ಟುಕೊಳ್ಳಿರಿ.