ಮೂರೂವರೆ ಲಕ್ಷದ ಹಳಹಳಿ

2021ರ ಮಾರ್ಚ್‌ನಲ್ಲಿ ಊರಿನ ಜಮೀನು ಮಾರಿದ್ದರಲ್ಲಿ ನನ್ನ ಪಾಲಿಗೆ ಹತ್ತು ಲಕ್ಷ ಬಂತು. ಮಗಳ ಸ್ನಾತಕೋತ್ತರ ಓದಿಗೆ ಅದು ಮೂರು ವರ್ಷದ ನಂತರ ಬೇಕಿತ್ತು. ಅಷ್ಟನ್ನೂ ಎಫ್‌ಡಿಯಲ್ಲಿಟ್ಟೆ. ಆಗ ಬಡ್ಡಿ ದರ ನೆಲ ಕಚ್ಚಿತ್ತು, ನನಗೆ ಸಿಕ್ಕಿದ್ದು ಶೇ 5.3. ಮೂರು ವರ್ಷಕ್ಕೆ ಬಂದ ಬಡ್ಡಿ ಒಂದು ಲಕ್ಷ ಎಪ್ಪತ್ತು ಸಾವಿರದ ಆಸುಪಾಸು. ಅದೇ ಅವಧಿಯಲ್ಲಿ ನಿಫ್ಟಿ 14,690ರಿಂದ 22,326ಕ್ಕೆ ಏರಿತು, ಅಂದರೆ ಶೇ 52. ಇಂಡೆಕ್ಸ್ ಫಂಡ್‌ನಲ್ಲಿ ಹಾಕಿದ್ದರೆ ಲಾಭ ಐದು ಲಕ್ಷ ಇಪ್ಪತ್ತು ಸಾವಿರ ಆಗುತ್ತಿತ್ತು. ವ್ಯತ್ಯಾಸ ಮೂರೂವರೆ ಲಕ್ಷ. ಮದುವೆಮನೆ, ಗೃಹಪ್ರವೇಶಗಳಲ್ಲಿ ಈ ಲೆಕ್ಕವನ್ನು ನನಗೆ ನೆನಪಿಸದ ನೆಂಟರಿಲ್ಲ.

ಆ ನಿರ್ಧಾರ ದುಬಾರಿಯಾಯಿತು, ನಿಜ. ಆದರೆ ತಪ್ಪಾಗಿರಲಿಲ್ಲ. ಏಕೆಂದು ಹೇಳುವುದಕ್ಕೇ ಈ ಅಂಕಣ.

ನಿರ್ಧಾರಗಳಲ್ಲಿ ಎರಡು ಬಗೆ ಎಂದು 1960ರಲ್ಲಿ ಹರ್ಬರ್ಟ್ ಸೈಮನ್ ವಿಂಗಡಿಸಿದರು. ಒಂದು, ಮತ್ತೆ ಮತ್ತೆ ಎದುರಾಗುವ, ನಿಯಮ ಕಟ್ಟಿಟ್ಟುಬಿಡಬಹುದಾದ ‘ಪ್ರೋಗ್ರಾಮ್ಡ್’ ನಿರ್ಧಾರ. ಐದನೇ ತಾರೀಕು ಎಸ್‌ಐಪಿ ಕಡಿತವಾಗುವುದು, ಇಎಂಐ ಹೋಗುವುದು, ಆರು ತಿಂಗಳ ಖರ್ಚಿನಷ್ಟು ಹಣ ಉಳಿತಾಯ ಖಾತೆಯಲ್ಲಿ ಇರುವುದು, ಇವಕ್ಕೆಲ್ಲ ಪ್ರತಿ ಸಲವೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇನ್ನೊಂದು, ಜೀವಮಾನದಲ್ಲಿ ಒಂದೋ ಎರಡೋ ಸಲ ಬರುವ, ಹಿಂದಿನ ನಿಯಮ ಯಾವುದೂ ಹೊಂದದ ನಿರ್ಧಾರ. ಜಮೀನಿನ ಹಣ, ಗ್ರಾಚ್ಯುಟಿ, ವಿಆರ್‌ಎಸ್ ಮೊತ್ತ ಈ ಸಾಲಿಗೆ ಸೇರುತ್ತವೆ. ನಮ್ಮಲ್ಲಿ ಆಗುವ ಎಡವಟ್ಟು ಏನೆಂದರೆ, ಎಸ್‌ಐಪಿಯನ್ನು ನಿಲ್ಲಿಸಬೇಕೋ ಬೇಡವೋ ಎಂದು ಪ್ರತಿ ತಿಂಗಳೂ ತಲೆ ಕೆಡಿಸಿಕೊಳ್ಳುವವರೇ ಗ್ರಾಚ್ಯುಟಿಯನ್ನು ಬ್ಯಾಂಕಿನ ಕೌಂಟರ್‌ನಲ್ಲಿ ನಿಂತು ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.

ಅಂಥ ಒಂಟಿ ನಿರ್ಧಾರಕ್ಕೆ ಒಂದು ಹಾಳೆ ಸಾಕು. ನನ್ನ ಮುಂದೆ ಮೂರು ದಾರಿಗಳಿದ್ದವು: ಎಫ್‌ಡಿ, ಇಂಡೆಕ್ಸ್ ಫಂಡ್, ಇಲ್ಲವೇ ಎರಡರಲ್ಲೂ ಅರ್ಧರ್ಧ. ಮಾರುಕಟ್ಟೆ ಏರಬಹುದು, ತೆವಳಬಹುದು, ಬೀಳಬಹುದು. ಯಾವುದರ ಸಂಭವ ಎಷ್ಟು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಕೆಳಗಿನ ಕೋಷ್ಟಕದ ‘ಬಿದ್ದರೆ’ ಅಂಕಣದಲ್ಲಿರುವ ಎರಡೂವರೆ ಲಕ್ಷ ನಷ್ಟವನ್ನು ನಾನು ಭಯದಿಂದ ಬರೆದದ್ದಲ್ಲ. 2020ರ ಮಾರ್ಚ್ ಒಂದೇ ತಿಂಗಳಲ್ಲಿ ನಿಫ್ಟಿ ಶೇ 23ರಷ್ಟು ಕುಸಿದಿತ್ತು. ಫೀಸು ಕಟ್ಟುವ ತಿಂಗಳು ಅಂಥದ್ದೇ ಆಗಿದ್ದರೆ? ತೆರಿಗೆ ಬಿಟ್ಟು, ಮೂರು ವರ್ಷದ ಲಾಭ ಲಕ್ಷ ರೂಪಾಯಿಗಳಲ್ಲಿ ಹೀಗೆ:

| | ಏರಿದರೆ | ತೆವಳಿದರೆ | ಬಿದ್ದರೆ |
|---|---|---|---|
| ಎಫ್‌ಡಿ | 1.7 | 1.7 | 1.7 |
| ಅರ್ಧ ಎಫ್‌ಡಿ, ಅರ್ಧ ಫಂಡ್ | 3.45 | 1.35 | −0.4 |
| ಪೂರ್ತಿ ಫಂಡ್ | 5.2 | 1.0 | −2.5 |

ಮ್ಯಾಕ್ಸಿಮಿನ್ ಎಂಬುದು ಮೊದಲ ಸೂತ್ರ. ಪ್ರತಿ ಸಾಲಿನಲ್ಲಿ ಅತಿ ಕೆಟ್ಟ ಅಂಕಿ ಹುಡುಕಿ, ಅವುಗಳಲ್ಲಿ ಉತ್ತಮವಾದದ್ದನ್ನು ಆರಿಸಬೇಕು. ಇಲ್ಲಿ ಕೆಟ್ಟ ಅಂಕಿಗಳು 1.7, −0.4, −2.5. ಗೆದ್ದದ್ದು ಎಫ್‌ಡಿ. ನಾನು ಮಾಡಿದ್ದು ಇದನ್ನೇ.

ಎರಡನೆಯದು ಮಿನಿಮ್ಯಾಕ್ಸ್ ರಿಗ್ರೆಟ್. 1951ರಲ್ಲಿ ಲಿಯೊನಾರ್ಡ್ ಸ್ಯಾವೇಜ್ ಮುಂದಿಟ್ಟದ್ದು. ಇದರಲ್ಲಿ ನೋಡಬೇಕಾದದ್ದು ಲಾಭವನ್ನಲ್ಲ, ಹಳಹಳಿಯನ್ನು. ಈಗ ಸಾಲು ಬಿಟ್ಟು ಅಂಕಣದಲ್ಲಿ ಇಳಿಯಿರಿ. ‘ಏರಿದರೆ’ ಅಂಕಣದಲ್ಲಿ ಅತ್ಯುತ್ತಮ 5.2. ಎಫ್‌ಡಿಯವನ ಹಳಹಳಿ ಅಲ್ಲಿ 5.2ರಲ್ಲಿ 1.7 ಕಳೆದರೆ 3.5, ಅರ್ಧರ್ಧದವನದು 1.75, ಫಂಡ್‌ನವನಿಗೆ ಸೊನ್ನೆ. ‘ತೆವಳಿದರೆ’ ಅಂಕಣದಲ್ಲಿ ಅತ್ಯುತ್ತಮ 1.7, ಹಳಹಳಿ ಕ್ರಮವಾಗಿ 0, 0.35, 0.7. ‘ಬಿದ್ದರೆ’ ಅಂಕಣದಲ್ಲೂ ಅತ್ಯುತ್ತಮ 1.7. ಅರ್ಧರ್ಧದವನು 0.4 ಕಳೆದುಕೊಂಡಿದ್ದಾನೆ, 1.7 ಸಿಗುವುದೂ ತಪ್ಪಿದೆ, ಒಟ್ಟು 2.1. ಫಂಡ್‌ನವನದು 4.2. ಇನ್ನು ಒಬ್ಬೊಬ್ಬರ ಅತಿ ದೊಡ್ಡ ಹಳಹಳಿ ನೋಡಿ: ಎಫ್‌ಡಿ 3.5, ಅರ್ಧರ್ಧ 2.1, ಫಂಡ್ 4.2. ಚಿಕ್ಕದು ಅರ್ಧರ್ಧದ್ದು. ಈ ಸೂತ್ರದ ಪ್ರಕಾರ ನಾನು ಹಣವನ್ನು ಒಡೆಯಬೇಕಿತ್ತು. ಅರ್ಧಕ್ಕೇ ನಿಲ್ಲಬೇಕಿಲ್ಲ, ಫಂಡ್‌ಗೆ ಶೇ 45 ಹಾಕಿದ್ದರೆ ಏರಿದಾಗಿನ ಹಳಹಳಿಯೂ ಬಿದ್ದಾಗಿನದ್ದೂ ಸರಿಸುಮಾರು ಸಮನಾಗಿ, 1.9ಕ್ಕೆ ನಿಲ್ಲುತ್ತಿತ್ತು.

ಒಂದೇ ಕೋಷ್ಟಕ, ಎರಡು ಉತ್ತರ. ಯಾವುದನ್ನು ನಂಬುವುದು? ಹಣ ಕಡಿಮೆ ಬಿದ್ದರೆ ಏನಾಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ನನಗೆ ಬೇಕಿದ್ದದ್ದು ಹನ್ನೊಂದು ಲಕ್ಷ, ಅದೂ ನಿಗದಿತ ದಿನಕ್ಕೆ. ಅರ್ಧರ್ಧ ಹಾಕಿ ಮಾರುಕಟ್ಟೆ ಬಿದ್ದಿದ್ದರೆ ಕೈಯಲ್ಲಿ ಒಂಬತ್ತು ಲಕ್ಷ ಅರವತ್ತು ಸಾವಿರ ಇರುತ್ತಿತ್ತು, ಮಿಕ್ಕದ್ದಕ್ಕೆ ಸಾಲ. ಕೊರತೆ ಕೆಲಸವನ್ನೇ ಕೆಡಿಸುವಂತಿದ್ದರೆ ಮ್ಯಾಕ್ಸಿಮಿನ್. ಕೊರತೆ ಬರೀ ಚುಚ್ಚುವಂಥದ್ದಾದರೆ, ತಾರೀಕನ್ನು ಎರಡು ವರ್ಷ ಮುಂದೂಡಬಹುದಾದರೆ, ಹಳಹಳಿಯ ಲೆಕ್ಕ.

ಈಗ ನಾನು ಎಫ್‌ಡಿ ಇಟ್ಟ ದಿನ ಬ್ಯಾಂಕಿನ ಕೌಂಟರ್‌ನಾಚೆಯ ಯುವಕ ಚಾಚಿದ ನಾಲ್ಕನೆಯ ದಾರಿಯ ವಿಷಯ. ‘ಗ್ಯಾರಂಟೀಡ್ ರಿಟರ್ನ್’ ವಿಮಾ ಪಾಲಿಸಿ. ಮೂರು ವರ್ಷಕ್ಕೆ ಹಣ ಬೇಕು ಎಂದು ನಾನು ಹೇಳಿದ ಮೇಲೂ, “ಸರ್, ಬೇಕಾದರೆ ಮಧ್ಯದಲ್ಲೇ ಕ್ಲೋಸ್ ಮಾಡಬಹುದು” ಎಂದ. ಮಾಡಬಹುದು. ಇಂಥ ಪಾಲಿಸಿಯನ್ನು ಮೂರನೇ ವರ್ಷ ಸರೆಂಡರ್ ಮಾಡಿದರೆ ಆಗಿನ ನಿಯಮದ ಪ್ರಕಾರ ಖಾತ್ರಿಯಿದ್ದದ್ದು ಕಟ್ಟಿದ ಪ್ರೀಮಿಯಂನ ಶೇ 35 ಮಾತ್ರ. ಮೂರು ಕಂತುಗಳಲ್ಲಿ ಹತ್ತು ಲಕ್ಷ ಕಟ್ಟಿದವನಿಗೆ ಮೂರೂವರೆ. ನನ್ನ ಕೋಷ್ಟಕದಲ್ಲಿ ಅದರ ಸಾಲು −6.5, −6.5, −6.5. ಮಾರುಕಟ್ಟೆ ಏನೇ ಆಗಲಿ ಎಫ್‌ಡಿಗಿಂತ ಕೆಳಗೆ. ಇದಕ್ಕೆ ಯಾವ ಸೂತ್ರವೂ ಬೇಡ, ಹೊಡೆದುಹಾಕಿದರಾಯಿತು. ಇಂಥದ್ದನ್ನು ನಿವೃತ್ತರ ಕೈಗೆ ಹಿಡಿಸುವವರ ಮೇಲೆ ನನಗೆ ತಾಳ್ಮೆ ಉಳಿದಿಲ್ಲ.

ಹಳಹಳಿಯ ಸೂತ್ರಕ್ಕೂ ಒಂದು ದೌರ್ಬಲ್ಯ ಇದೆ, ಮಾರುವವರು ಹಿಡಿಯುವುದು ಅದನ್ನೇ. ಕೋಷ್ಟಕಕ್ಕೆ ಒಂದು ಸ್ಮಾಲ್‌ಕ್ಯಾಪ್ ಫಂಡ್ ಸೇರಿಸಿ: ಏರಿದರೆ 10, ತೆವಳಿದರೆ 0, ಬಿದ್ದರೆ −5. ಈಗ ‘ಏರಿದರೆ’ ಅಂಕಣದ ಅತ್ಯುತ್ತಮ 10 ಆಯಿತು. ಮೊದಲಿನ ಮೂವರ ಹಳಹಳಿಯೂ ಉಬ್ಬಿತು. ಒಬ್ಬೊಬ್ಬರ ಅತಿ ದೊಡ್ಡದು ಈಗ: ಎಫ್‌ಡಿ 8.3, ಅರ್ಧರ್ಧ 6.55, ಪೂರ್ತಿ ಫಂಡ್ 4.8, ಸ್ಮಾಲ್‌ಕ್ಯಾಪ್ ಬಿದ್ದಾಗ 6.7. ಚಿಕ್ಕದು ಪೂರ್ತಿ ಫಂಡ್‌ನದ್ದು! ನೀವು ಆರಿಸದೇ ಬಿಟ್ಟ ಸ್ಮಾಲ್‌ಕ್ಯಾಪ್, ಪಕ್ಕದಲ್ಲಿ ಬಂದು ಕೂತಷ್ಟಕ್ಕೇ ನಿಮ್ಮನ್ನು ಅರ್ಧರ್ಧದಿಂದ ಪೂರ್ತಿ ಷೇರಿಗೆ ತಳ್ಳಿತು. ಮ್ಯಾಕ್ಸಿಮಿನ್ ಮಾತ್ರ ಕದಲಲಿಲ್ಲ, ಆಗಲೂ ಎಫ್‌ಡಿಯೇ. “ನಮ್ಮ ಕ್ಲೈಂಟ್ ಒಬ್ಬರದು ಮೂರೇ ವರ್ಷದಲ್ಲಿ ಡಬಲ್ ಆಯ್ತು” ಎನ್ನುವವನು ನಿಮಗೆ ಮಾಡುವುದು ಇಷ್ಟೇ.

ಹಾಗಾಗಿ ನೀವು ನಿಜವಾಗಿಯೂ ಹಣ ಹಾಕಲು ಸಿದ್ಧರಿರುವ ದಾರಿಗಳನ್ನು ಮಾತ್ರ ಕೋಷ್ಟಕದಲ್ಲಿ ಬರೆಯಿರಿ. ಅದನ್ನೂ ಹಣ ಖಾತೆಗೆ ಬೀಳುವ ಮೊದಲೇ, ಮನೆಯಲ್ಲಿ, ಹೆಂಡತಿಯನ್ನೋ ಗಂಡನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಲಾಭದ ಕಥೆಗಳಿಗೆ ಅಲ್ಲಿ ಸಾಲು ಕೊಡಬೇಡಿ. ತಿಂಗಳ ಉಳಿತಾಯವನ್ನು ನಿಯಮಕ್ಕೆ ಬಿಟ್ಟು, ಹಾಗೆ ಉಳಿದ ತಲೆಯನ್ನು ದೊಡ್ಡ ಮೊತ್ತಕ್ಕೆ ಖರ್ಚು ಮಾಡಿ. ಕೌಂಟರ್‌ನಲ್ಲಿ ನಿಂತು ಮಾತ್ರ ಯಾವುದಕ್ಕೂ ಸಹಿ ಹಾಕಬೇಡಿ.